ಒಂದೇ ಕಾರ್ಖಾನೆ, ಒಂದೇ ಬಿಲ್, ಐದು ಸಾಲು: ಯಾವ ಸಾಲಿಗೆ ಯಾವ ಕೋಡ್?

ಅಂಬಡ್ ಎಂ.ಐ.ಡಿ.ಸಿ.ಯಲ್ಲಿ ಹೋಟೆಲ್ ನಡೆಸುವ ನಮ್ಮವರಲ್ಲಿ ಹಲವರಿಗೆ ಗಲ್ಲಾದ ವ್ಯಾಪಾರದ ಜೊತೆಗೆ ಒಂದೆರಡು ಕಾರ್ಖಾನೆಗಳ ಖಾತೆಯೂ ಇರುತ್ತದೆ. ದಿನದ ಊಟ, ಚಹಾ, ಹಬ್ಬಕ್ಕೆ ಸಿಹಿ, ಸಾಹೇಬರು ಬಂದಾಗ ತಂಪುಪಾನೀಯ, ಎಲ್ಲವೂ ಒಂದೇ ಖಾತೆಗೆ ಬೀಳುತ್ತದೆ. ತಿಂಗಳ ಕೊನೆಗೆ ಒಂದು ಬಿಲ್. ಆ ಬಿಲ್ಲಿನಲ್ಲಿ ಎಲ್ಲ ಸಾಲಿಗೂ ಒಂದೇ ಕೋಡ್ ಹಾಕಿ ಶೇ. 5 ತೆರಿಗೆ ಸೇರಿಸಿ ಕಳಿಸುವುದು ರೂಢಿ. "ನಮ್ಮದೆಲ್ಲ ಐದು ಪರ್ಸೆಂಟೇ ಅಲ್ಲವೇ" ಎಂಬ ಮಾತು ಗಲ್ಲಾದ ಮೇಲೆ ನಿಜ, ಕಾರ್ಖಾನೆಯ ಬಿಲ್ಲಿನ ಮೇಲೆ ಅರ್ಧ ಮಾತ್ರ ನಿಜ.

ಈ ರೂಢಿ ಎಲ್ಲಿಂದ ಬಂತೆಂದರೆ, 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಹೊರಗಿನ ಕೇಟರಿಂಗಿಗೆ ಶೇ. 18 ಇತ್ತು. ಕಾರ್ಖಾನೆಯ ಕ್ಯಾಂಟೀನ್ ನಡೆಸುವ ಗುತ್ತಿಗೆದಾರ ಹೋಟೆಲಿನವನೋ ಕೇಟರರೋ ಎಂಬ ವಾದ ಆಗ ಜೋರಾಗಿತ್ತು. 2018ರ ಜುಲೈ 27ರಿಂದ ಕ್ಯಾಂಟೀನ್ ಶೇ. 5ಕ್ಕೆ ಸೇರಿತು. 2019ರ ಅಕ್ಟೋಬರ್ 1ರಿಂದ ಸಮಾರಂಭದ ಕೇಟರಿಂಗೂ ಶೇ. 5ಕ್ಕೆ ಇಳಿಯಿತು. ಎರಡಕ್ಕೂ ಷರತ್ತು ಒಂದೇ: ನಾವು ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಳ್ಳುವಂತಿಲ್ಲ. (ದಿನಕ್ಕೆ 7,500 ರೂಪಾಯಿಗೂ ಮೇಲ್ಪಟ್ಟ ಕೋಣೆಗಳಿರುವ ದೊಡ್ಡ ಹೋಟೆಲುಗಳ ಲೆಕ್ಕ ಬೇರೆ, ಅದು ಇಲ್ಲಿ ಬೇಡ.) ದರ ಒಂದಾದದ್ದೇ ತಡ, ಕೋಡೂ ಒಂದೇ ಎಂದು ನಮ್ಮ ಅಕೌಂಟೆಂಟರು ತಿಳಿದುಕೊಂಡರು.

ಲೆಕ್ಕ ಹಾಕಿ ನೋಡಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. 300 ಕೆಲಸಗಾರರ ಕಾರ್ಖಾನೆ, ಒಳಗಿನ ಕ್ಯಾಂಟೀನ್ ನಮ್ಮ ಗುತ್ತಿಗೆ. ತಿಂಗಳು 2025ರ ಅಕ್ಟೋಬರ್. ಖಂಡೇನವಮಿಯೂ ದೀಪಾವಳಿಯೂ ಅದೇ ತಿಂಗಳಲ್ಲಿ ಬಂದಿದ್ದವು, ಸೆಪ್ಟೆಂಬರ್ 22ರ ಹೊಸ ದರಗಳೂ ಜಾರಿಯಲ್ಲಿದ್ದವು.

ಮೊದಲ ಸಾಲು ಕ್ಯಾಂಟೀನ್ ಊಟ. ದಿನಕ್ಕೆ 250 ಊಟ, 24 ದಿನ, ಊಟಕ್ಕೆ 70 ರೂಪಾಯಿಯಂತೆ 4,20,000. ಇದು ದಿನವೂ ನಡೆಯುವ ಕೆಲಸ, ಜಾಗ ಕಾರ್ಖಾನೆಯ ಕ್ಯಾಂಟೀನ್. ಕೋಡ್ 996333, ತೆರಿಗೆ ಶೇ. 5, ಅಂದರೆ 21,000.

ಎರಡನೆಯದು ಖಂಡೇನವಮಿಯ ಊಟ. ಯಂತ್ರಪೂಜೆಯ ದಿನ 300 ಜನರಿಗೆ 180 ರೂಪಾಯಿಯ ಊಟ, ಒಟ್ಟು 54,000. ಅದೇ ಅಡುಗೆಮನೆ, ಅದೇ ಬಾಣಸಿಗ, ತಿಂದವರೂ ಅವರೇ. ಆದರೂ ಇದು ಕ್ಯಾಂಟೀನ್ ಅಲ್ಲ. ಅಧಿಸೂಚನೆಯಲ್ಲಿ ಕೇಟರಿಂಗನ್ನು ಬೇರೆ ಮಾಡುವ ಗುರುತು ಜಾಗವಲ್ಲ, ಸಂದರ್ಭ. ಯಾವುದೋ ಒಂದು ಸಮಾರಂಭಕ್ಕೆಂದು, ಅಪರೂಪಕ್ಕೆ ಆಗುವಂಥದ್ದಾದರೆ ಕೋಡ್ 996334. ದರ ಶೇ. 5, ತೆರಿಗೆ 2,700. ದರ ಒಂದೇ ಆದರೂ ಸಾಲು ಬೇರೆ ಮಾಡಲೇಬೇಕು. ಕಾರಣ ಮುಂದೆ ಹೇಳುತ್ತೇನೆ.

ಮೂರನೆಯದು ದೀಪಾವಳಿಯ ಸಿಹಿ. 300 ಡಬ್ಬಿ, ಡಬ್ಬಿಗೆ 240ರಂತೆ 72,000. ಇಲ್ಲಿ ನಾವು ಬಡಿಸಿಲ್ಲ, ಡಬ್ಬಿ ಕಟ್ಟಿ ಮಾರಿದ್ದೇವೆ. ಅಂದರೆ ಸೇವೆಯಲ್ಲ, ಸರಕು. ಸರಕಿನ ಕೋಡ್ 99ರಿಂದ ಶುರುವಾಗುವುದಿಲ್ಲ. ಮಿಠಾಯಿ 2106ರಲ್ಲಿ ಬರುತ್ತದೆ, ದರ ಶೇ. 5, ತೆರಿಗೆ 3,600. ಅದೇ ಸಿಹಿಯನ್ನು ಖಂಡೇನವಮಿಯ ಎಲೆಗೆ ಬಡಿಸಿದ್ದರೆ ಅದು ಎರಡನೆಯ ಸಾಲಿನೊಳಗೇ ಹೋಗುತ್ತಿತ್ತು. ಹೋಟೆಲಿಗೆ ಅಂಟಿಕೊಂಡ ಸಿಹಿ ಕೌಂಟರಿನ ಮಾತು ಸ್ವಲ್ಪ ಗೋಜಲು. 2018ರಲ್ಲಿ ಉತ್ತರಾಖಂಡದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರವು ಅಂಥ ಕೌಂಟರನ್ನು ಹೋಟೆಲಿನದೇ ಭಾಗವೆಂದು ಹೇಳಿತ್ತು. ಆದರೆ ಇಂಥ ತೀರ್ಪು ಕೇಳಿದವರಿಗೆ ಮತ್ತು ಅವರ ಅಧಿಕಾರಿಗೆ ಮಾತ್ರ ಅನ್ವಯ. ಕಾರ್ಖಾನೆಯಿಂದ ಆರ್ಡರ್ ಬಂದು, ಡಬ್ಬಿಗಳನ್ನು ಲೆಕ್ಕ ಹಾಕಿ ಕೊಟ್ಟದ್ದನ್ನು ಸರಕೆಂದೇ ಬರೆಯುವುದು ಸರಿಯೆಂದು ನನ್ನ ಅಭಿಪ್ರಾಯ.

ನಾಲ್ಕನೆಯದು ಆಫೀಸಿಗೆ ಕೊಟ್ಟ 20 ಲೀಟರಿನ ನೀರಿನ ಜಾರ್. 120 ಜಾರಿಗೆ 40 ರೂಪಾಯಿಯಂತೆ 4,800. ಕೋಡ್ 2201. ಮೊದಲು ಶೇ. 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 5 ಆಗಿದೆ. ತೆರಿಗೆ 240.

ಐದನೆಯದೇ ಕೈ ಸುಡುವ ಸಾಲು. ಆಫೀಸಿನವರು ಅತಿಥಿಗಳಿಗೆಂದು ತರಿಸಿಕೊಂಡ 10 ಕ್ರೇಟ್ ತಂಪುಪಾನೀಯ, ಕ್ರೇಟಿಗೆ 400ರಂತೆ 4,000. ಮುಚ್ಚಳ ತೆಗೆಯದೆ ಕ್ರೇಟಿನಲ್ಲೇ ಕೊಟ್ಟದ್ದು. ಕೋಡ್ 2202, ದರ ಶೇ. 40. ನಮ್ಮ ಟೇಬಲ್ಲಿನ ಮೇಲೆ ಊಟದ ಜೊತೆ ಕೊಟ್ಟ ಅದೇ ಬಾಟಲಿಗೆ ಶೇ. 5, ಕ್ರೇಟಿನಲ್ಲಿ ಮಾರಿದರೆ ಶೇ. 40. ಇದನ್ನು ಹೇಳಿದರೆ ನಂಬದವರು ಇದ್ದಾರೆ.

ಈ ಐದನೆಯ ಸಾಲನ್ನೂ "ಕ್ಯಾಂಟೀನ್" ಎಂದು ಬರೆದರೆ ಏನಾಗುತ್ತದೆ ನೋಡಿ. ಈ 10 ಕ್ರೇಟನ್ನು ನೀವು ಏಜೆನ್ಸಿಯಿಂದ 3,600ಕ್ಕೆ ಕೊಂಡಿದ್ದೀರಿ ಎನ್ನೋಣ. ಮೇಲೆ ಶೇ. 40ರಂತೆ 1,440 ತೆರಿಗೆ ಕೊಟ್ಟಿದ್ದೀರಿ. ಸರಕೆಂದು ಸರಿಯಾಗಿ ಬರೆದರೆ ಗಿರಾಕಿಯಿಂದ 1,600 ತೆರಿಗೆ ವಸೂಲಾಗುತ್ತದೆ. ಅದರಲ್ಲಿ 1,440 ಕ್ರೆಡಿಟ್ ಕಳೆದು ಸರಕಾರಕ್ಕೆ 160 ಕಟ್ಟುತ್ತೀರಿ, 400 ರೂಪಾಯಿ ಲಾಭ ಉಳಿಯುತ್ತದೆ. ಕ್ಯಾಂಟೀನ್ ಎಂದು ಬರೆದರೆ ಕ್ರೆಡಿಟ್ ಇಲ್ಲ. 5,040 ಕೊಟ್ಟು ತಂದ ಮಾಲಿಗೆ ತೆರಿಗೆ ಬಿಟ್ಟು ಕೈಗೆ ಬರುವುದು 4,000. 1,040 ರೂಪಾಯಿ ಅಲ್ಲೇ ಕೈಬಿಟ್ಟಿತು. ಇನ್ನು ಇಲಾಖೆಯ ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿದರೆ ಕಡಿಮೆ ಕಟ್ಟಿದ 1,400 ರೂಪಾಯಿ ತೆರಿಗೆ, ಅದರ ಬಡ್ಡಿ ಬೇರೆ. ಹೀಗೆ ಕೊಂಡು ಮಾರುವ ಸರಕುಗಳ ಖರೀದಿ ಬಿಲ್ಲುಗಳನ್ನು ಅಡುಗೆಮನೆಯ ಖರೀದಿಯಿಂದ ಬೇರೆ ಫೈಲಿನಲ್ಲಿ ಇಡಬೇಕು. ಇಲ್ಲದಿದ್ದರೆ ಕ್ರೆಡಿಟ್ ನಿಮ್ಮದೇ ಎಂದು ತೋರಿಸುವುದು ಕಷ್ಟ.

ಈಗ ಕ್ಯಾಂಟೀನ್ ಮತ್ತು ಕೇಟರಿಂಗಿನ ಸಾಲು ಏಕೆ ಬೇರೆ ಎಂಬ ಪ್ರಶ್ನೆಗೆ ಬರೋಣ. ಅಲ್ಲಿ ನಷ್ಟ ನಮ್ಮದಲ್ಲ, ಕಾರ್ಖಾನೆಯದು. ಅದಕ್ಕೇ ಅವರು ಬಿಲ್ ತಡೆಹಿಡಿಯುತ್ತಾರೆ. ಊಟ ಮತ್ತು ಕೇಟರಿಂಗಿನ ಮೇಲೆ ಕೊಟ್ಟ ತೆರಿಗೆಯ ಕ್ರೆಡಿಟ್ ಸಾಮಾನ್ಯವಾಗಿ ಕಾರ್ಖಾನೆಗೆ ಸಿಗುವುದಿಲ್ಲ. ಆದರೆ ಕ್ಯಾಂಟೀನ್ ಇಡುವುದು ಕಾನೂನಿನ ಪ್ರಕಾರ ಕಡ್ಡಾಯವಾಗಿದ್ದರೆ ಸಿಗುತ್ತದೆ. ಆ ಅಕ್ಟೋಬರಿನಲ್ಲಿ ಫ್ಯಾಕ್ಟರಿ ಕಾಯಿದೆಯ 46ನೇ ಕಲಮಿನಂತೆ 250ಕ್ಕಿಂತ ಹೆಚ್ಚು ಕೆಲಸಗಾರರಿದ್ದಲ್ಲಿ ಕ್ಯಾಂಟೀನ್ ಕಡ್ಡಾಯವಾಗಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಈ ಸಂಖ್ಯೆ 100ಕ್ಕೆ ಇಳಿದಿದೆ, ಗುತ್ತಿಗೆ ಕಾರ್ಮಿಕರೂ ಲೆಕ್ಕಕ್ಕೆ ಸೇರುತ್ತಾರೆ. ಅಂದರೆ ಅಂಬಡ್ ಮತ್ತು ಸಾತಪುರದ ಮಧ್ಯಮ ಗಾತ್ರದ ಕಾರ್ಖಾನೆಗಳವರೂ ಇನ್ನು ಮುಂದೆ ಈ ಪ್ರಶ್ನೆ ಕೇಳುತ್ತಾರೆ.

ನಮ್ಮ ಉದಾಹರಣೆಯಲ್ಲಿ ಮೊದಲ ಸಾಲಿನ 21,000 ಕಾರ್ಖಾನೆಗೆ ವಾಪಸು ಸಿಗುವ ಹಣ. ಖಂಡೇನವಮಿಯ 2,700 ಸಿಗದು. ಕೆಲಸಗಾರರಿಗೆ ಉಡುಗೊರೆ ಕೊಟ್ಟ ಸಿಹಿಯ 3,600 ಸಹ ಸಿಗದು. ನೀವು ಐದೂ ಸಾಲು ಸೇರಿಸಿ 5,54,800ಕ್ಕೆ "ಕೇಟರಿಂಗ್ 996334" ಎಂದು ಬರೆದರೆ ಅವರ 21,000ವೂ ಅನುಮಾನಕ್ಕೆ ಸಿಕ್ಕಿಕೊಳ್ಳುತ್ತದೆ. ಎಲ್ಲವನ್ನೂ "ಕ್ಯಾಂಟೀನ್ 996333" ಎಂದರೆ ಅವರು 27,740 ಕ್ರೆಡಿಟ್ ತೆಗೆದುಕೊಂಡು, ಎರಡು ವರ್ಷದ ನಂತರ ಆಡಿಟ್‌ನಲ್ಲಿ ಬಡ್ಡಿ ಸಮೇತ ಹಿಂದಿರುಗಿಸಿ, ಆ ಹಣವನ್ನು ನಿಮ್ಮ ಮುಂದಿನ ಬಿಲ್ಲಿನಲ್ಲಿ ಮುರಿದುಕೊಳ್ಳಲು ನೋಡುತ್ತಾರೆ.

ಇನ್ನೂ ಮೂರು ಕೋಡುಗಳು ನಮ್ಮವರನ್ನು ಗೊಂದಲಕ್ಕೆ ತಳ್ಳುತ್ತವೆ. ಹೋಟೆಲಿನ ಅಡುಗೆಮನೆಯಲ್ಲೇ ಮಾಡಿ ಡಬ್ಬಿಗಳಲ್ಲಿ ಕಾರ್ಖಾನೆಗೆ ಮುಟ್ಟಿಸುವ ಊಟ ಕ್ಯಾಂಟೀನ್ ಅಲ್ಲ. ಅದು ಹೋಟೆಲಿನ ಪಾರ್ಸೆಲ್, 996331. ಸಾಫ್ಟ್‌ವೇರಿನ ಪಟ್ಟಿಯಲ್ಲಿ 996337 ಎಂಬ ಇನ್ನೊಂದು ಕೋಡ್ ಕಾಣುತ್ತದೆ, ಗುತ್ತಿಗೆಯ ಮೇಲೆ ಗಿರಾಕಿಯ ಜಾಗದಲ್ಲಿ ನಿರಂತರವಾಗಿ ಊಟ ಒದಗಿಸುವುದು ಎಂದು ಅದರ ವಿವರಣೆ. ಓದಿದರೆ ನಮ್ಮದೇ ಅನಿಸುತ್ತದೆ. ಆದರೆ ಶೇ. 5ರ ದರ ಸಿಗುವುದು ಕೋಡಿನಿಂದಲ್ಲ, ಅಧಿಸೂಚನೆಯಲ್ಲಿರುವ "ಕ್ಯಾಂಟೀನ್, ಮೆಸ್" ಎಂಬ ಮಾತುಗಳಿಂದ. ಕರಾರುಪತ್ರದಲ್ಲಿ ಕ್ಯಾಂಟೀನ್ ನಡೆಸುವುದು ಎಂದು ಸ್ಪಷ್ಟವಾಗಿದ್ದರೆ 996333ನ್ನೇ ಹಿಡಿಯುವುದು ವಾಸಿ.

ಮೂರನೆಯದು ಅಪಾಯದ್ದು. ಕೆಲವು ಕಾರ್ಖಾನೆಗಳು ದಿನಸಿ, ಗ್ಯಾಸ್ ಎಲ್ಲ ತಾವೇ ಕೊಟ್ಟು ನಮ್ಮಿಂದ ಬಾಣಸಿಗರನ್ನೂ ಬಡಿಸುವ ಹುಡುಗರನ್ನೂ ಮಾತ್ರ ಕೇಳುತ್ತವೆ. ಅಲ್ಲಿ ನಾವು ಊಟ ಮಾರುತ್ತಿಲ್ಲ, ಆಳು ಒದಗಿಸುತ್ತಿದ್ದೇವೆ. ಅದು 9985ರ ಗುಂಪು, ಶೇ. 18. ಬಿಲ್ಲಿನಲ್ಲಿ "ಕ್ಯಾಂಟೀನ್ ಸರ್ವಿಸ್" ಎಂದು ಬರೆದ ಮಾತ್ರಕ್ಕೆ ಶೇ. 5 ಆಗದು.

ಎಷ್ಟು ಅಂಕಿ ಬರೆಯಬೇಕು ಎನ್ನುವುದು ವಹಿವಾಟಿನ ಮೇಲೆ. ಹಿಂದಿನ ವರ್ಷದ ವಹಿವಾಟು 5 ಕೋಟಿ ಮೀರಿದ್ದರೆ ಆರು ಅಂಕಿ, ಅದಕ್ಕಿಂತ ಕಡಿಮೆಯಿದ್ದರೆ ನೋಂದಾಯಿತ ಗಿರಾಕಿಯ ಬಿಲ್ಲಿಗೆ ನಾಲ್ಕು. ನಾಲ್ಕೇ ಬರೆದರೆ ಕ್ಯಾಂಟೀನೂ ಕೇಟರಿಂಗೂ ಪಾರ್ಸೆಲೂ 9963 ಆಗಿಬಿಡುತ್ತವೆ. ಆದ್ದರಿಂದ ಸಣ್ಣ ಹೋಟೆಲಿನವರೂ ಕಾರ್ಖಾನೆಯ ಬಿಲ್ಲಿಗೆ ಆರು ಅಂಕಿ ಬರೆಯಲಿ, ಜೊತೆಗೆ ಸಾಲಿನ ವಿವರದಲ್ಲಿ "ಅಕ್ಟೋಬರ್ ಕ್ಯಾಂಟೀನ್ ಊಟ, 24 ದಿನ" ಎಂದೋ "01-10-2025 ಪೂಜೆಯ ಊಟ" ಎಂದೋ ಬಿಡಿಸಿ ಬರೆಯಲಿ.

ತಪ್ಪು ಮೊದಲು ಕಾಣುವ ಜಾಗ ರಿಟರ್ನ್. 2025ರ ಮೇ ತಿಂಗಳಿನಿಂದ GSTR-1ರ Table 12ರಲ್ಲಿ ಕೋಡನ್ನು ಕೈಯಿಂದ ಬರೆಯಲಾಗದು, ಪಟ್ಟಿಯಿಂದಲೇ ಆರಿಸಬೇಕು. ನೋಂದಾಯಿತ ಗಿರಾಕಿಗಳ ಮತ್ತು ಇತರರ ಮಾರಾಟ ಬೇರೆ ಬೇರೆ ಭಾಗ. ಸೇವೆಯ ಕೋಡಿಗೆ ಅಳತೆಯ ಜಾಗದಲ್ಲಿ NA ಬರುತ್ತದೆ, ಸರಕಿಗೆ ಡಬ್ಬಿ, ನಗ ಎಂದು ಲೆಕ್ಕ ಕೊಡಬೇಕು. ದೀಪಾವಳಿಯ ತಿಂಗಳಲ್ಲಿ ಎಲ್ಲ ಸಾಲಿಗೂ NA ಬಂದಿದ್ದರೆ ಸಿಹಿ ಡಬ್ಬಿ ಸೇವೆಯೊಳಗೆ ಸೇರಿಹೋಗಿದೆ ಎಂದೇ ಅರ್ಥ. ತಿಂಗಳ GSTR-3B ಸಲ್ಲಿಸುವ ಮೊದಲು ಗೊತ್ತಾದರೆ GSTR-1A ಮೂಲಕ ತಿದ್ದಬಹುದು. ಅದಾದ ಮೇಲೆ ಗೊತ್ತಾದರೆ ಮುಂದಿನ ತಿಂಗಳ ರಿಟರ್ನಿನಲ್ಲಿ ತಿದ್ದುಪಡಿ, ತೆರಿಗೆ ಹೆಚ್ಚು ಹಾಕಿದ್ದರೆ ಕ್ರೆಡಿಟ್ ನೋಟ್. ಇದಕ್ಕೆ ಮುಂದಿನ ಆರ್ಥಿಕ ವರ್ಷದ ನವೆಂಬರ್ 30ರ ತನಕ ಅವಕಾಶ. ಇ-ಇನ್‌ವಾಯ್ಸ್ ಮಾಡುವ ದೊಡ್ಡ ಹೋಟೆಲಿನವರು ಅದನ್ನು ರದ್ದು ಮಾಡಬೇಕಾದರೆ ಮಾಡಿದ 24 ಗಂಟೆಯೊಳಗೇ ಮಾಡಬೇಕು. ಹಾಗಾಗಿ ಬಿಲ್ಲಿನ ಕರಡನ್ನು ಕಾರ್ಖಾನೆಯ ಅಕೌಂಟ್ಸ್ ವಿಭಾಗಕ್ಕೆ ಮೊದಲು ತೋರಿಸಿ, ಅವರು ಸರಿ ಎಂದ ಮೇಲೆ ಇ-ಇನ್‌ವಾಯ್ಸ್ ಮಾಡುವುದು ಅನುಕೂಲ.