ಪದಕ್ಕೆಷ್ಟು, ಪುಟಕ್ಕೆಷ್ಟು, ಗಂಟೆಗೆಷ್ಟು?

ಊರಿನಲ್ಲಿ ಪಿತ್ರಾರ್ಜಿತ ಆಸ್ತಿ, ಮುಂಬಯಿಯಲ್ಲಿ ವಾಸ. ಹೀಗೆ ಬಾಳುವ ಕನ್ನಡಿಗ ಕುಟುಂಬಗಳಿಗೆ ಒಂದಲ್ಲ ಒಂದು ದಿನ ಹಳೆಯ ಪಾಲುಪಟ್ಟಿಯನ್ನೋ ವೀಲುನಾಮೆಯನ್ನೋ ಇಂಗ್ಲಿಷಿಗೆ ಮಾಡಿಸಬೇಕಾದ ಪ್ರಸಂಗ ಒದಗುತ್ತದೆ. ಆಗ ಭಾಷಾಂತರಕಾರನಿಗೂ ಗಿರಾಕಿಗೂ ನಡುವೆ ಏಳುವ ಜಗಳದ ಮೂಲ ಬಹುಮಟ್ಟಿಗೆ ದರವಲ್ಲ, ದರವನ್ನು ಅಳೆಯುವ ಕೋಲು.

ಒಂದು ಪಾಲುಪಟ್ಟಿಯನ್ನೇ ಉದಾಹರಣೆಯಾಗಿ ಎತ್ತಿಕೊಳ್ಳೋಣ. ಅದರಲ್ಲಿ 1,200 ಕನ್ನಡ ಪದಗಳಿವೆ. ಪದಕ್ಕೆ 2 ರೂಪಾಯಿ ಎಂದು ಮಾತಾಗಿದೆ ಎಂದಿಟ್ಟುಕೊಳ್ಳಿ. ಆದರೆ ಯಾವ ಭಾಷೆಯ ಪದ? ಕನ್ನಡದಲ್ಲಿ ವಿಭಕ್ತಿಯೂ ಪ್ರತ್ಯಯವೂ ಪದದ ಮೈಯಲ್ಲಿಯೇ ಸೇರಿಹೋಗುತ್ತವೆ. ‘ಮನೆಯಲ್ಲಿರುವವರಿಗೆ’ ಎಂಬ ಒಂದು ಮಾತನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಆರೇಳು ಪದಗಳು ಬೇಕು. ನಮ್ಮ 1,200 ಪದಗಳು ಇಂಗ್ಲಿಷಿನಲ್ಲಿ 1,700 ಆದವೆನ್ನೋಣ. ಮೂಲವನ್ನು ಎಣಿಸಿದರೆ 2,400 ರೂಪಾಯಿ, ಭಾಷಾಂತರವನ್ನು ಎಣಿಸಿದರೆ 3,400. ಇಬ್ಬರೂ ಪ್ರಾಮಾಣಿಕರೇ, ಆದರೂ ಸಾವಿರ ರೂಪಾಯಿಯ ಅಂತರ! ಮೂಲದ ಎಣಿಕೆಯೇ ಗಿರಾಕಿಗೆ ಹಿತ, ಏಕೆಂದರೆ ಕೆಲಸಕ್ಕೆ ಮುಂಚೆಯೇ ಮೊತ್ತ ಗೊತ್ತಾಗುತ್ತದೆ. ಆದರೆ ಅದಕ್ಕೆ ತಕ್ಕಂತೆ ದರ ಕೊಂಚ ಹೆಚ್ಚಿರುವುದು ನ್ಯಾಯ.

ಪುಟದ ಲೆಕ್ಕವಂತೂ ಇನ್ನೂ ಜಾರುವಂಥದು. ಪುಟಕ್ಕೆ 250 ಪದ ಹಿಡಿದರೆ ಈ ಪತ್ರ 7 ಪುಟವಾಗುತ್ತದೆ. ಸಾಲುಗಳನ್ನು ಒತ್ತಿ 340 ಪದ ತುಂಬಿದರೆ 5 ಪುಟ. ಸುಪ್ರೀಂ ಕೋರ್ಟು 2020ರಲ್ಲಿ ಎ4 ಹಾಳೆಯ ಎರಡೂ ಮಗ್ಗುಲಲ್ಲಿ ಮುದ್ರಿಸುವ ಕ್ರಮವನ್ನು ತಂದಿತು. ಅಂಥ ಕಡೆ ‘ಪುಟ’ವೆಂದರೆ ಹಾಳೆಯೋ ಮಗ್ಗುಲೋ ಎಂಬುದನ್ನೂ ಮೊದಲೇ ಕೇಳಬೇಕಾಗುತ್ತದೆ. ಪುಟದ ದರ ಟೈಪಿಂಗಿಗೆ ಒಪ್ಪುತ್ತದೆ. ನಿಮಿಷಕ್ಕೆ 40 ಪದಗಳ ಪರೀಕ್ಷೆ ಪಾಸಾದವನಿಗೆ 1,700 ಪದಗಳು ಮುಕ್ಕಾಲು ಗಂಟೆಯ ಕೆಲಸ. ಕೋಷ್ಟಕ, ಅಂಕಿ, ತಿದ್ದುವಿಕೆ ಸೇರಿ ಒಂದೂವರೆ ಗಂಟೆ ಎನ್ನಿ. ಅಲ್ಲಿ ಶ್ರಮವೂ ಪುಟವೂ ಹೆಚ್ಚು ಕಡಿಮೆ ಜತೆಯಾಗಿ ಬೆಳೆಯುತ್ತವೆ.

ಭಾಷಾಂತರದಲ್ಲಿ ಹಾಗಲ್ಲ. ದಕ್ಷಿಣ ಕನ್ನಡದ ಹಳೆಯ ಪತ್ರದಲ್ಲಿ ‘ಕುಮ್ಕಿ’ ಎಂದು ಬರುತ್ತದೆ. ವರ್ಗ ಭೂಮಿಗೆ ತಾಗಿದ ಸರಕಾರೀ ಜಮೀನಿನ ಮೇಲೆ ವರ್ಗದಾರನಿಗಿರುವ ಸೌಲಭ್ಯವದು, ಒಡೆತನವಲ್ಲ. ಅದನ್ನು ಬರಿದೇ ‘ಜಮೀನು’ ಎಂದು ಭಾಷಾಂತರಿಸಿದರೆ ಪಾಲಿನ ಸ್ವರೂಪವೇ ಕೆಟ್ಟುಹೋಗುತ್ತದೆ. ಮೂಲಪದವನ್ನು ಹಾಗೆಯೇ ಉಳಿಸಿ ವಿವರಣೆ ಕೊಡಬೇಕು. ಮೂಲದ ಎಣಿಕೆಯಲ್ಲಿ ಇದಕ್ಕೆ ಸಿಗುವುದು 2 ರೂಪಾಯಿ. ಹಿಡಿಯುವುದು ಅರ್ಧ ಗಂಟೆ. ಪತ್ರದ ಹಿಂಬದಿಯ ನೋಂದಣಿ ಷರಾ, ಮೊಹರು, ಸಾಕ್ಷಿಗಳ ರುಜು ಇವನ್ನೂ ಭಾಷಾಂತರಿಸಬೇಕು. ಎಣಿಸುವಾಗ ಮರೆಯುವುದು ಇವನ್ನೇ.

ಆದುದರಿಂದ ಅನುಭವಸ್ಥರು ಪದದ ದರವನ್ನು ಹೇಳುವ ಮೊದಲು ಮನಸ್ಸಿನಲ್ಲಿ ಗಂಟೆಯ ಲೆಕ್ಕ ಹಾಕುತ್ತಾರೆ. ಗಂಟೆಗೆ 300 ಇಂಗ್ಲಿಷ್ ಪದಗಳಂತೆ 1,700 ಪದಗಳಿಗೆ 5 ಗಂಟೆ 40 ನಿಮಿಷ, ಮೂಲದೊಡನೆ ತಾಳೆ ನೋಡಲು ಇನ್ನೊಂದು ಗಂಟೆ. ಒಟ್ಟು 6 ಗಂಟೆ 40 ನಿಮಿಷ. 2,400 ರೂಪಾಯಿಗೆ ಒಪ್ಪಿದವನಿಗೆ ಗಂಟೆಗೆ 360 ರೂಪಾಯಿ ದಕ್ಕಿತು, 3,400ಕ್ಕೆ ಒಪ್ಪಿದವನಿಗೆ 510. ಆದರೆ ಗಂಟೆಯ ದರವನ್ನೇ ಬಿಲ್ಲಿಗೆ ಏರಿಸಿದರೆ ನಿಧಾನಿಗೆ ಲಾಭ, ಚುರುಕಿನವನಿಗೆ ನಷ್ಟ, ಗಿರಾಕಿಗೆ ಸಂಶಯ.

ಗಂಟೆಯ ದರಕ್ಕೆ ತಕ್ಕ ಜಾಗ ತಿದ್ದುಪಡಿ. ಬೆರಳಚ್ಚು ಯಂತ್ರದ ಕಾಲದಲ್ಲಿ ತಿದ್ದುಪಡಿಯ ಬೆಲೆ ಕಣ್ಣಿಗೆ ಕಾಣುತ್ತಿತ್ತು. ಎರಡು ಸಾಲು ಸೇರಿಸಿದರೆ ಆ ಪುಟವನ್ನು, ಕೆಲವೊಮ್ಮೆ ಮುಂದಿನ ಪುಟಗಳನ್ನೂ, ಕಾರ್ಬನ್ ಪ್ರತಿಗಳೊಡನೆ ಮತ್ತೆ ಹೊಡೆಯಬೇಕಿತ್ತು. ಗಿರಾಕಿಯೂ ಅಳೆದು ಸುರಿದು ತಿದ್ದುತ್ತಿದ್ದ. ಕಂಪ್ಯೂಟರಿನಲ್ಲಿ ತಿದ್ದುವುದು ಪುಕ್ಕಟೆ ಎಂಬ ಭ್ರಮೆ ಹುಟ್ಟಿದೆ. ನಿಜವಾದ ಖರ್ಚು ಬೆರಳಿನದಲ್ಲ, ಕಣ್ಣಿನದು. ನಮ್ಮ ಪತ್ರದಲ್ಲಿ ಅಲ್ಲಲ್ಲಿ 170 ಪದಗಳು, ಎಂದರೆ ಹತ್ತರಲ್ಲೊಂದು ಪಾಲು, ಬದಲಾದವೆನ್ನಿ. ಬದಲಿಸಲು 40 ನಿಮಿಷ, ಇಡೀ ಪತ್ರವನ್ನು ಮತ್ತೆ ತಾಳೆ ನೋಡಲು ಒಂದು ಗಂಟೆ. ಹತ್ತನೆಯ ಒಂದು ಪಾಲಿನ ತಿದ್ದುಪಡಿ ಮೊದಲ ಶ್ರಮದ ಕಾಲು ಪಾಲನ್ನು ನುಂಗಿತು. ಅಷ್ಟರೊಳಗೆ ನೋಟರಿಯ ಮೊಹರು ಬಿದ್ದಿದ್ದರೆ ಮುದ್ರಣ, ಪ್ರತಿಪುಟದ ರುಜು, ಪ್ರಮಾಣಪತ್ರ ಎಲ್ಲವೂ ಮರಳಿ ಮೊದಲಿನಿಂದ.

ಹಾಗಾಗಿ ಮೂರು ಬಗೆಯನ್ನು ಆರಂಭದಲ್ಲಿಯೇ ಬೇರ್ಪಡಿಸಿ ಚೀಟಿಯಲ್ಲಿ ಬರೆದಿಡುವುದು ಲೇಸು. ಭಾಷಾಂತರಕಾರನ ತಪ್ಪು, ಉದಾಹರಣೆಗೆ ಸರ್ವೆ ನಂಬರಿನ ಒಂದಂಕಿ ಪಲ್ಲಟವಾದುದು, ಎಂದಿಗೂ ಪುಕ್ಕಟೆ. ಗಿರಾಕಿಯ ಅಭಿರುಚಿಯ ಬದಲಾವಣೆ ಒಂದು ಸಲ ಪುಕ್ಕಟೆ, ಆ ಮೇಲೆ ಗಂಟೆಯ ದರ. ಮೂಲಕ್ಕೆ ಹೊಸದಾಗಿ ಸೇರಿದ ಕಾಗದಕ್ಕೆ ಮತ್ತೆ ಪದದ ದರ. ಇಷ್ಟರ ಜತೆಗೆ ಮನೆಯವರೆಲ್ಲರ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಪಾಸ್‌ಪೋರ್ಟು, ಪಾನ್ ಕಾರ್ಡುಗಳಲ್ಲಿರುವಂತೆಯೇ ಬರೆದುಕೊಟ್ಟರೆ, ಅತಿ ಹೆಚ್ಚು ಸಲ ಮರಳಿ ಬರುವ ತಿದ್ದುಪಡಿ ಬಾಗಿಲಲ್ಲಿಯೇ ನಿಂತುಹೋಗುತ್ತದೆ.