ಬಿಲ್ಲು ಪಿಒಗೆ ತಾಳೆಯಾಗದಿದ್ದಾಗ ಬರೆಯುವ ಪತ್ರ

ಸರಕು ಕೊಳ್ಳುವವರು ಪೂರೈಕೆದಾರರಿಗೆ ಮೊದಲು ಕಳಿಸುವುದು ಪರ್ಚೇಸ್ ಆರ್ಡರ್, ಅಂದರೆ ಪಿಒ. ಯಾವ ಸರಕು, ಎಷ್ಟು, ಯಾವ ದರಕ್ಕೆ, ಸಾಗಣೆ ಖರ್ಚು ಯಾರದು ಎಂಬುದೆಲ್ಲ ಅದರಲ್ಲಿರುತ್ತದೆ. ಸರಕಿನ ಬೆನ್ನಿಗೇ ಬಿಲ್ಲು ಬರುತ್ತದೆ. ಈಗ ಹೆಚ್ಚಿನ ಕಡೆ ಅದು ಮೊಬೈಲಿನಲ್ಲಿ ತೆಗೆದ ಫೋಟೊ ಅಥವಾ ಸ್ಕ್ಯಾನ್ ಪ್ರತಿ. ಚಿತ್ರದಲ್ಲಿರುವ ಅಂಕಿಗಳನ್ನು ಒಂದು ತಂತ್ರಾಂಶ ಓದಿ ಲೆಕ್ಕದ ಪುಸ್ತಕಕ್ಕೆ ಏರಿಸುತ್ತದೆ, ಪಿಒ ಮೊತ್ತದ ಪಕ್ಕದಲ್ಲಿಟ್ಟು ತೋರಿಸುತ್ತದೆ. ಎರಡೂ ತಾಳೆಯಾಗದಿದ್ದರೆ ಪೂರೈಕೆದಾರರಿಗೆ ಪತ್ರ ಹೋಗಬೇಕು. ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ ಇತ್ಯರ್ಥವಾಗಬೇಕು: ತಪ್ಪಿರುವುದು ಬಿಲ್ಲಿನಲ್ಲೋ, ಬಿಲ್ಲನ್ನು ಓದಿದ ರೀತಿಯಲ್ಲೋ?

ಚಿತ್ರದಿಂದ ಅಂಕಿ ಓದುವಾಗ ಆಗುವ ತಪ್ಪುಗಳು ಬಹುಮಟ್ಟಿಗೆ ಗೊತ್ತಿರುವಂಥವೇ. ಮಸುಕಾದ 3 ಮತ್ತು 6, 8 ಆಗುತ್ತವೆ. 1 ಕೆಲವೊಮ್ಮೆ 7 ಆಗುತ್ತದೆ. ಮೊತ್ತದ ಹಿಂದಿರುವ ₹ ಗುರುತನ್ನೇ 2 ಅಥವಾ 7 ಎಂದು ಓದಿ ಹತ್ತಾರು ಸಾವಿರದ ಬಿಲ್ಲನ್ನು ಲಕ್ಷಗಳಿಗೆ ಏರಿಸುವುದೂ ಉಂಟು. ಮಡಿಕೆ ಬಿದ್ದ ಜಾಗ, ರಬ್ಬರ್ ಮೊಹರು, ಸಹಿಯ ಬಾಲ ಮೊತ್ತದ ಮೇಲೆ ಬಂದರಂತೂ ಹೇಳುವುದೇ ಬೇಡ. ಇವನ್ನು ಹಿಡಿಯಲು ಬಿಲ್ಲೇ ನೆರವಾಗುತ್ತದೆ. ಪ್ರಮಾಣವನ್ನು ದರದಿಂದ ಗುಣಿಸಿ, ತೆರಿಗೆ ಕೂಡಿಸಿದರೆ ಕೊನೆಯ ಮೊತ್ತ ಬರಲೇಬೇಕು. ಬಾರದಿದ್ದರೆ ಯಾವುದೋ ಒಂದು ಅಂಕಿಯನ್ನು ತಪ್ಪಾಗಿ ಓದಲಾಗಿದೆ, ಇಲ್ಲವೇ ಬಿಲ್ಲು ಬರೆದವರೇ ಕೂಡುವಾಗ ತಪ್ಪಿದ್ದಾರೆ. ಅಕ್ಷರಗಳಲ್ಲಿ ಬರೆದ ಮೊತ್ತವನ್ನು ನೋಡಿದರೆ ಇವೆರಡರಲ್ಲಿ ಯಾವುದೆಂಬುದು ಸಾಮಾನ್ಯವಾಗಿ ತಿಳಿಯುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಪೀಣ್ಯದ ಒಂದು ವರ್ಕ್‌ಶಾಪ್ 400 ಕಿಲೊ ಬೋಲ್ಟುಗಳಿಗೆ ಕಿಲೊಗೆ 92 ರೂಪಾಯಿಯಂತೆ ಪಿಒ ಕೊಟ್ಟಿದೆ ಎಂದುಕೊಳ್ಳೋಣ. ಸಾಗಣೆ ಖರ್ಚು ದರದಲ್ಲೇ ಸೇರಿದೆ. ಸರಕಿನ ಬೆಲೆ 36,800, ಶೇ 18 ಜಿಎಸ್‌ಟಿ 6,624, ಒಟ್ಟು 43,424 ರೂಪಾಯಿ. ಬಂದ ಬಿಲ್ಲಿನ ಫೋಟೊದಿಂದ ತಂತ್ರಾಂಶ ಓದಿದ ಮೊತ್ತ 48,020. ವ್ಯತ್ಯಾಸ 4,596 ರೂಪಾಯಿ.

ಇಷ್ಟಕ್ಕೇ ಪತ್ರ ಬರೆದರೆ ಎಡವಿದಂತೆ. ಬಿಲ್ಲಿನ ಒಳಗಿನ ಸಾಲುಗಳಲ್ಲಿ 400 ಕಿಲೊಗೆ 95ರ ದರದಲ್ಲಿ 38,000, ಸಾಗಣೆ 1,000, ತೆರಿಗೆಗೆ ಒಳಪಡುವ ಮೊತ್ತ 39,000, ಸಿಜಿಎಸ್‌ಟಿ 3,510, ಎಸ್‌ಜಿಎಸ್‌ಟಿ 3,510 ಎಂದಿದೆ. ಕೂಡಿದರೆ ಬರುವುದು 46,020, 48,020 ಅಲ್ಲ. ಫೋಟೊ ಹಿಗ್ಗಿಸಿ ನೋಡಿದರೆ ಮೊಹರಿನ ಅಂಚು ಅಂಕಿಯ ಮೇಲೆ ಹಾದು 6 ಅನ್ನು 8 ಮಾಡಿದೆ. ಅಕ್ಷರಗಳಲ್ಲೂ ನಲವತ್ತಾರು ಸಾವಿರದ ಇಪ್ಪತ್ತು ಎಂದೇ ಇದೆ. ಅಲ್ಲಿಗೆ 2,000 ರೂಪಾಯಿ ಓದಿನ ತಪ್ಪು, ಉಳಿದ 2,596 ನಿಜವಾದ ವ್ಯತ್ಯಾಸ. 48,020 ಎಂದು ಬರೆದಿದ್ದರೆ ‘ನಮ್ಮ ಬಿಲ್ಲಿನಲ್ಲಿ ಆ ಮೊತ್ತವೇ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಉತ್ತರ ಬರುತ್ತಿತ್ತು, ನ್ಯಾಯವಾದ ಬೇಡಿಕೆಯೂ ಅದರೊಂದಿಗೆ ಮೂಲೆಗೆ ಬೀಳುತ್ತಿತ್ತು.

ಈ 2,596 ಎಲ್ಲಿಂದ ಬಂತು ಎಂಬುದನ್ನೂ ಬಿಡಿಸಬೇಕು. ಕಿಲೊಗೆ 3 ರೂಪಾಯಿ ಹೆಚ್ಚಿಗೆ ಹಾಕಿದ್ದರಿಂದ 1,200. ಪಿಒದಲ್ಲಿ ಇಲ್ಲದ ಸಾಗಣೆ 1,000. ಇವೆರಡರ ಮೇಲಿನ ತೆರಿಗೆ 396. ಪಿಒ ತೆರಿಗೆ ಬಿಟ್ಟು ಬರೆದದ್ದು, ಬಿಲ್ಲು ತೆರಿಗೆ ಸೇರಿದ್ದು ಎಂಬ ಕಾರಣಕ್ಕೂ ಎಷ್ಟೋ ಸಲ ಇಲ್ಲದ ವ್ಯತ್ಯಾಸ ಕಾಣುತ್ತದೆ. ಪೈಸೆಗಳನ್ನು ರೂಪಾಯಿಗೆ ಸರಿಹೊಂದಿಸಿದ್ದರಿಂದ ಬರುವ ವ್ಯತ್ಯಾಸಕ್ಕೆ ಪತ್ರ ಬೇಕಿಲ್ಲ. ಗೋದಾಮಿನ ರಸೀದಿಯಲ್ಲಿ ತೂಕ 400 ಕಿಲೊ ಇದೆಯೇ ಎಂದೂ ಆಗಲೇ ನೋಡಿಕೊಳ್ಳುವುದು ಒಳ್ಳೆಯದು. ಸರಕು ಕಡಿಮೆ ಬಂದಿದ್ದರೆ ಅದು ಬೇರೆಯೇ ದೂರು, ಅದನ್ನು ಈ ಪತ್ರದೊಳಗೆ ಬೆರೆಸಬಾರದು.

ಪೂರೈಕೆದಾರರು ದೊಡ್ಡವರಾದರೆ ಇನ್ನೊಂದು ಗಟ್ಟಿ ಆಧಾರ ಸಿಗುತ್ತದೆ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ವ್ಯಾಪಾರಸ್ಥರಿಗೆ ಇ-ಇನ್‌ವಾಯ್ಸ್ ಕೊಡಬೇಕು. ಅದರ ಕ್ಯೂಆರ್ ಕೋಡ್‌ನಲ್ಲಿ ಬಿಲ್ಲಿನ ಸಂಖ್ಯೆ, ದಿನಾಂಕ, ಮೊತ್ತ ಅಡಕವಾಗಿರುತ್ತವೆ. ಜಿಎಸ್‌ಟಿ ಪರಿಶೀಲನಾ ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಮೊಹರು ಎಲ್ಲಿ ಬಿದ್ದಿದ್ದರೂ ಮೊತ್ತ ಸ್ಪಷ್ಟವಾಗಿ ತಿಳಿಯುತ್ತದೆ.

ಇಷ್ಟಾದ ಮೇಲೆ ಪತ್ರ ಚಿಕ್ಕದಾಗಿಯೇ ಇರಬಹುದು:

“ಮಾನ್ಯರೇ,

ವಿಷಯ: ಬಿಲ್ಲು ಸಂಖ್ಯೆ 457 (4-8-2025), ಪಿಒ ಸಂಖ್ಯೆ 118 (21-7-2025) – ಮೊತ್ತದ ವ್ಯತ್ಯಾಸ.

ತಾವು ಕಳಿಸಿದ 400 ಕಿಲೊ ಬೋಲ್ಟುಗಳು 5-8-2025ರಂದು ತಲುಪಿವೆ. ಫೋಟೊ ಮೂಲಕ ಬಂದ ಬಿಲ್ಲಿನ ಪ್ರತಿಯಲ್ಲಿ ಮೊಹರಿನಿಂದಾಗಿ ಕೊನೆಯ ಮೊತ್ತ ಮಸುಕಾಗಿದೆ. ಒಳಗಿನ ಸಾಲುಗಳಿಂದ ಅದು ರೂ. 46,020 ಎಂದು ತಿಳಿಯುತ್ತದೆ. ಪಿಒ ಪ್ರಕಾರ ಆಗಬೇಕಾದದ್ದು ರೂ. 43,424. ಹೆಚ್ಚುವರಿ ರೂ. 2,596ರ ವಿವರ: ದರ 92ರ ಬದಲು 95 ಆಗಿರುವುದರಿಂದ ರೂ. 1,200, ದರದಲ್ಲೇ ಸೇರಿದ್ದ ಸಾಗಣೆಗೆ ರೂ. 1,000, ಇವುಗಳ ಮೇಲಿನ ಜಿಎಸ್‌ಟಿ ರೂ. 396.

ನಾವು ಓದಿರುವುದು ಸರಿಯಿದ್ದರೆ ರೂ. 2,596ಕ್ಕೆ ಕ್ರೆಡಿಟ್ ನೋಟ್ ಕಳಿಸಬೇಕಾಗಿ ಕೋರುತ್ತೇವೆ. ದರ ಬದಲಾವಣೆಗೆ ನಮ್ಮ ಕಡೆಯಿಂದ ಒಪ್ಪಿಗೆ ಸಿಕ್ಕಿದ್ದರೆ ಅದರ ಪ್ರತಿ ಕಳಿಸಿಕೊಡಿ. ತಕರಾರಿಲ್ಲದ ರೂ. 43,424 ವಾಯಿದೆಯ ದಿನ ಪಾವತಿಯಾಗುತ್ತದೆ. ಬಿಲ್ಲಿನ ಚಿತ್ರ ಮತ್ತು ಪಿಒ ಪ್ರತಿಗಳನ್ನು ಲಗತ್ತಿಸಿದೆ.”

ಈ ಪತ್ರದಲ್ಲಿ ಆರೋಪವಿಲ್ಲ. ‘ಹೆಚ್ಚು ಹಣ ವಸೂಲಿ ಮಾಡಿದ್ದೀರಿ’ ಎಂಬ ಧಾಟಿ ಬಂದರೆ ಲೆಕ್ಕದ ಗುಮಾಸ್ತರ ಮಟ್ಟದಲ್ಲೇ ಮುಗಿಯಬಹುದಾದ ಕೆಲಸ ಮಾಲೀಕರ ಜಗಳವಾಗುತ್ತದೆ. ದರ ಏರಿಕೆಯನ್ನು ಫೋನಿನಲ್ಲಿ ಖರೀದಿ ವಿಭಾಗದ ಯಾರೋ ಒಪ್ಪಿ, ಪಿಒ ತಿದ್ದಲು ಮರೆತಿರುವುದೂ ಅಪರೂಪವೇನಲ್ಲ. ಆ ಬಾಗಿಲನ್ನು ಪತ್ರ ತೆರೆದೇ ಇಡಬೇಕು.

ತಕರಾರಿಲ್ಲದ ಹಣವನ್ನು ತಡೆಯುವುದಿಲ್ಲ ಎಂಬ ಸಾಲಿಗೂ ಕಾರಣವಿದೆ. ಪೂರೈಕೆದಾರರು ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಅಥವಾ ಸಣ್ಣ ತಯಾರಕರಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಲಿಖಿತ ಒಪ್ಪಂದವಿದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ ಬೀಳುತ್ತದೆ. 2,596 ರೂಪಾಯಿಯ ತಕರಾರಿಗಾಗಿ ಪೂರ್ತಿ ಬಿಲ್ಲನ್ನು ಕಟ್ಟಿಡುವುದು ಕೊಂಡವರಿಗೇ ನಷ್ಟ.

ಪತ್ರದಲ್ಲಿ ಹೊಸ ಬಿಲ್ಲು ಕೇಳದೆ ಕ್ರೆಡಿಟ್ ನೋಟ್ ಕೇಳಿರುವುದೂ ಲೆಕ್ಕಾಚಾರದಿಂದಲೇ. ಬಿಲ್ಲು ಒಮ್ಮೆ ಜಿಎಸ್‌ಟಿ ಲೆಕ್ಕಕ್ಕೆ ಸೇರಿದ ಮೇಲೆ ಅದೇ ಸಂಖ್ಯೆಯಲ್ಲಿ ಮೊತ್ತ ತಿದ್ದಿ ಇನ್ನೊಂದು ಪ್ರತಿ ಕಳಿಸಿದರೆ ಎರಡು ಕಡೆಯ ಪುಸ್ತಕಗಳೂ ಕೆಡುತ್ತವೆ. ಇ-ಇನ್‌ವಾಯ್ಸ್ ಆದರೆ ಅದನ್ನು ಪೋರ್ಟಲ್‌ನಲ್ಲಿ ರದ್ದು ಮಾಡಲು ಇರುವುದು 24 ಗಂಟೆ ಮಾತ್ರ. ಕ್ರೆಡಿಟ್ ನೋಟ್ ಬಂದಾಗ ಪೂರೈಕೆದಾರರ ತೆರಿಗೆ 396 ರೂಪಾಯಿ ಇಳಿಯುತ್ತದೆ, ಕೊಂಡವರು ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೂಡ ಅಷ್ಟೇ ಇಳಿಯಬೇಕು. ಪೂರೈಕೆದಾರರು ಈ ಇಳಿಕೆ ಪಡೆಯಬೇಕಾದರೆ, ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಕ್ರೆಡಿಟ್ ನೋಟನ್ನು ರಿಟರ್ನ್‌ನಲ್ಲಿ ತೋರಿಸಿರಬೇಕು. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಕೆಯಾಗಿದ್ದರೆ ಅಂದಿಗೇ ಗಡುವು ಮುಗಿಯುತ್ತದೆ. 2025ರ ಆಗಸ್ಟ್ ತಿಂಗಳ ಈ ಬಿಲ್ಲಿಗೆ ಕೊನೆಯ ದಿನ 2026ರ ನವೆಂಬರ್ 30.