ನಾಲೆ ಸೀಮೆಯ ಬಸುರಿಗೆ ಮಲೇರಿಯಾ ಮಾತ್ರೆ

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ದಾರಿಯ ಒಂದು ಊರಿನಲ್ಲಿ ಒಂದು ಮನೆಯ ಸೊಸೆ ನನ್ನ ಮುಂದೆ ಎರಡು ದಾಖಲೆ ಇಟ್ಟಳು. ಒಂದು ಎಲ್ಲ ಬಸುರಿಯರಿಗೂ ಸಿಗುವ ತಾಯಿ ಕಾರ್ಡ್. ಇನ್ನೊಂದು ಬಟ್ಟೆ ಅಂಗಡಿಯ ಕವರಿನಲ್ಲಿ ತುಂಬಿಟ್ಟಿದ್ದ ಲೂಪಸ್ ಫೈಲು, ಒಂದು ಕೈಗೆ ಭಾರವೆನಿಸುವಷ್ಟು ದಪ್ಪ. ಒಳಗೆ ತೊಟ್ಟಿಲಲ್ಲಿ ಮಗು ಮಲಗಿತ್ತು. ಅತ್ತೆ ಮಾತ್ರ ಇನ್ನೂ ಹಳೆಯ ವಾದ ಬಿಟ್ಟಿರಲಿಲ್ಲ: “ಬಸ್ರಿ ಹೆಂಗ್ಸು ಇಷ್ಟೊಂದ್ ಮಾತ್ರೆ ನುಂಗುದ್ರೆ ಒಟ್ಟೇಲಿರೋ ಕೂಸ್ಗೆ ಏನಾಗ್ಬ್ಯಾಡ, ನೀನೇ ಯೋಳವ್ವ.”

ಅತ್ತೆಯ ಪ್ರಶ್ನೆ ತಪ್ಪಲ್ಲ. ಫೈಲಿನಲ್ಲಿದ್ದ ಎಲ್ಲ ಮಾತ್ರೆಗೂ ಒಂದೇ ಉತ್ತರವಿಲ್ಲ, ಅಷ್ಟೆ. ಲೂಪಸ್ ಈ ಹುಡುಗಿಯ ಕೀಲು, ಕೆನ್ನೆಗಳಿಂದ ಶುರುವಾಗಿ ಮೂತ್ರಪಿಂಡಕ್ಕೆ ಇಳಿದಿತ್ತು. ಅದಕ್ಕಾಗಿ ಆಕೆ ಮೈಕೋಫೆನೊಲೇಟ್ ನುಂಗುತ್ತಿದ್ದಳು. ಆ ಮಾತ್ರೆ ಹೊಟ್ಟೆಯಲ್ಲಿರುವಾಗ ಬಸುರಾದರೆ ಗರ್ಭ ನಿಲ್ಲದಿರಬಹುದು. ನಿಂತರೂ ಮಗುವಿನ ಕಿವಿ, ತುಟಿ, ಅಂಗುಳ ಸರಿಯಾಗಿ ಕೂಡಿಕೊಳ್ಳದೆ ಹೋಗಬಹುದು. ಮಗು ಬೇಕು ಎಂದ ದಿನವೇ ಮೈಸೂರಿನ ಕೀಲುವಾತ ತಜ್ಞರು ಅದನ್ನು ನಿಲ್ಲಿಸಿ ಅಜಾಥಿಯೋಪ್ರಿನ್ ಶುರು ಮಾಡಿದರು. ಬಸುರಾಗುವುದಕ್ಕೆ ಕನಿಷ್ಠ ಆರು ವಾರ ಮೊದಲೇ ಮೈಕೋಫೆನೊಲೇಟ್ ಬಿಟ್ಟಿರಬೇಕು. ಆದರೆ ಆರು ವಾರಕ್ಕೆ ಕಾಯುವಿಕೆ ಮುಗಿಯುವುದಿಲ್ಲ. ಹೊಸ ಮಾತ್ರೆಯಲ್ಲಿ ರೋಗ ಆರು ತಿಂಗಳು ತಣ್ಣಗಿರಬೇಕು, ದಿನಕ್ಕೆ ಮೂತ್ರದಲ್ಲಿ ಹೋಗುವ ಪ್ರೋಟೀನು ಅರ್ಧ ಗ್ರಾಮಿನೊಳಗೆ ನಿಲ್ಲಬೇಕು. ಮೂತ್ರಪಿಂಡ ಕಾಯಲೆಂದು ಕೊಡುತ್ತಿದ್ದ ರಾಮಿಪ್ರಿಲ್ ಕೂಡ ಮಗುವಿಗೆ ಆಗದು, ಅದೂ ಹೋಯಿತು. ಮದುವೆಯಾಗಿ ಮೂರು ವರ್ಷವಾದ ಮನೆಯಲ್ಲಿ ಈ ಕಾಯುವಿಕೆ ಎಷ್ಟು ಮಾತಿಗೆ ಗುರಿಯಾಗಿರಬೇಕು ಎಂಬುದನ್ನು ನಾನು ಬರೆಯಬೇಕಿಲ್ಲ.

ಬಿಡಬಾರದ ಮಾತ್ರೆ ಒಂದಿತ್ತು, ಹೈಡ್ರಾಕ್ಸಿಕ್ಲೋರೋಕ್ವಿನ್. ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ್ದೂ ಅದೇ. ಕೊರೊನಾ ಕಾಲದಲ್ಲಿ ಹೆಸರು ಕೇಳಿದವರು ಅದು ಮಲೇರಿಯಾ ಮಾತ್ರೆಯ ಸೋದರ ಎಂಬುದನ್ನೂ ಕೇಳಿರುತ್ತಾರೆ. ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದಾಗ ಈ ಸೀಮೆಗೆ ಭತ್ತ, ಕಬ್ಬಿನ ಹಿಂದೆಯೇ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಮಲೇರಿಯಾ ಬಂತು. ಅತ್ತೆಗೆ ಕ್ಲೋರೋಕ್ವಿನ್ನಿನ ಕಹಿ ಇನ್ನೂ ನೆನಪಿದೆ. ಸೊಸೆಯದೂ ಅದೇ ವಂಶದ ಮಾತ್ರೆ ಎಂದಾಗ ಅವರು ನಂಬಲೇ ಇಲ್ಲ.

ಲಂಡನ್ನಿನ ವೈದ್ಯ ಪೇನ್ 1894ರಲ್ಲೇ ಲೂಪಸ್ ಚರ್ಮರೋಗಕ್ಕೆ ಕ್ವಿನೈನ್ ಕೊಟ್ಟಿದ್ದರು. ಎರಡನೇ ಮಹಾಯುದ್ಧದಲ್ಲಿ ಮಲೇರಿಯಾ ಬಾರದಿರಲೆಂದು ಮೆಪಾಕ್ರಿನ್ ನುಂಗಿದ ಸೈನಿಕರಲ್ಲಿ ಕೆಲವರ ಕೀಲುನೋವು, ಚರ್ಮದ ಗಾದರಿ ತಾನಾಗಿಯೇ ಇಳಿದವು. 1951ರಲ್ಲಿ ಪೇಜ್ ಎಂಬ ವೈದ್ಯರು ಹದಿನೆಂಟು ಲೂಪಸ್ ರೋಗಿಗಳಿಗೆ ಅದನ್ನು ಕೊಟ್ಟು ಬರೆದರು. ಅದೇ ಜಾಡಿನಲ್ಲಿ ಬಂದ ಸೌಮ್ಯ ಮಾತ್ರೆಯೇ ಹೈಡ್ರಾಕ್ಸಿಕ್ಲೋರೋಕ್ವಿನ್. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಮ್ ಮೀರಬಾರದು, ಮೀರಿದರೆ ವರ್ಷಗಳು ಕಳೆದಂತೆ ಕಣ್ಣಿನ ಅಕ್ಷಿಪಟಕ್ಕೆ ಅಪಾಯ. ಹುಡುಗಿಯ ತೂಕ 52 ಕಿಲೋ, ಮಿತಿ 260. ಮಾತ್ರೆ ಸಿಗುವುದು ಇನ್ನೂರರದು. ಹಾಗಾಗಿ ವಾರದಲ್ಲಿ ಐದು ದಿನ ಒಂದೊಂದು, ಎರಡು ದಿನ ಎರಡೆರಡು. ಕ್ಯಾಲೆಂಡರಿನಲ್ಲಿ ಬುಧವಾರ, ಭಾನುವಾರಗಳಿಗೆ ಕೆಂಪು ಸುತ್ತು ಹಾಕಿಕೊಂಡಿದ್ದಳು.

ಬಸುರಾದ ಎರಡನೇ ತಿಂಗಳಲ್ಲಿ ಅತ್ತೆ ಆ ಮಾತ್ರೆಯ ಡಬ್ಬಿಯನ್ನೇ ಅಡಗಿಸಿಟ್ಟರು. ಮೂರು ವಾರ ಏನೂ ಆಗಲಿಲ್ಲ. ಮೋಸ ಇರುವುದೇ ಇಲ್ಲಿ. ಈ ಮಾತ್ರೆ ಮೈಯಿಂದ ಹೊರಹೋಗಲು ವಾರಗಳಲ್ಲ, ತಿಂಗಳುಗಳೇ ಬೇಕು. ನಿಲ್ಲಿಸಿದ ಕೂಡಲೇ ಏನೂ ಕಾಣದು, ಕಾಣುವ ಹೊತ್ತಿಗೆ ಕಾರಣ ಯಾರಿಗೂ ನೆನಪಿರದು. ಕಬ್ಬಿಣದ ಮಾತ್ರೆ ಕೊಡಲು ಬಂದ ಆಶಾ ಕಾರ್ಯಕರ್ತೆ ಮಾತಿಗೆ ಮಾತು ಬೆಳೆದು ಇದನ್ನು ಪತ್ತೆ ಮಾಡಿದಳು.

ಹನ್ನೆರಡನೇ ವಾರದಿಂದ ರಾತ್ರಿ ಹೊತ್ತು ಸಣ್ಣ ಆಸ್ಪಿರಿನ್ ಸೇರಿತು. ಲೂಪಸ್ ಇರುವವರಲ್ಲಿ ಗರ್ಭನಂಜಿನ ಸಂಭವ ಹೆಚ್ಚು, ಅದನ್ನು ತಗ್ಗಿಸಲು. ರಕ್ತದಲ್ಲಿ ‘ರೋ’ ಪ್ರತಿಕಾಯವೂ ಸಿಕ್ಕಿತ್ತು. ಅದು ಮಾಸು ದಾಟಿ ಮಗುವಿನ ಹೃದಯದ ವಿದ್ಯುತ್ ದಾರಿಯನ್ನು ಕೆಡಿಸಬಹುದು. ಇಂಥ ನೂರು ತಾಯಂದಿರಲ್ಲಿ ಇಬ್ಬರ ಮಕ್ಕಳಿಗೆ ಹಾಗಾಗುತ್ತದೆ, ಹೆಚ್ಚಾಗಿ ಹದಿನಾರರಿಂದ ಇಪ್ಪತ್ತಾರನೇ ವಾರದೊಳಗೆ. ನಿಮಿಷಕ್ಕೆ 110ರಿಂದ 160 ಸಲ ಬಡಿಯಬೇಕಾದ ಪುಟ್ಟ ಹೃದಯ ಅರವತ್ತರ ಆಸುಪಾಸಿಗೆ ಇಳಿಯುತ್ತದೆ. ಪೂರ್ತಿ ಕೆಟ್ಟ ದಾರಿಯನ್ನು ಮತ್ತೆ ಸರಿಪಡಿಸಲಾಗದು. ಈ ವಾರಗಳಲ್ಲಿ ಆಕೆ ಮೈಸೂರಿಗೆ ಬಸ್ಸಿನಲ್ಲಿ ಮತ್ತೆ ಮತ್ತೆ ಹೋಗಿ ಮಗುವಿನ ಹೃದಯದ ಎಕೋ ಮಾಡಿಸಿದಳು. ನನಗೆ ಇದರ ಬಗ್ಗೆ ಅರೆಮನಸ್ಸು: ದಾರಿ ಒಂದೇ ದಿನದಲ್ಲಿ ಕೆಡಬಲ್ಲದು, ಹದಿನೈದು ದಿನಕ್ಕೊಮ್ಮೆ ನೋಡಿದರೆ ಅದು ಕೈಗೆ ಸಿಕ್ಕೀತೆ? ಮೊದಲ ಮಗುವಿಗೆ ಹೀಗಾದವರಿಗೆ ಎರಡನೆಯ ಸಲ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟಾಗ, ನೂರಕ್ಕೆ ಹದಿನೆಂಟರಷ್ಟಿದ್ದ ಸಂಭವ ಏಳರಷ್ಟಕ್ಕೆ ಇಳಿಯಿತೆಂದು 2020ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಹೇಳುತ್ತದೆ. ನನ್ನ ಒಲವು ಎಕೋಗಿಂತ ಮಾತ್ರೆಯ ಕಡೆಗೇ.

ಕಷ್ಟದ ದಿನ ಬಂದದ್ದು ಇಪ್ಪತ್ತೊಂಬತ್ತನೇ ವಾರದಲ್ಲಿ. ಪ್ರತಿ ತಿಂಗಳ ಒಂಬತ್ತನೇ ತಾರೀಖಿನ ಬಸುರಿಯರ ತಪಾಸಣೆಯಲ್ಲಿ ಬಿ.ಪಿ. 146/94. ಕಾಲು ಊದಿತ್ತು. “ಬಸ್ರೀಲಿ ಕಾಲ್ ಊದ್ದೆ ಇನ್ನೇನಾಯ್ತದೆ” ಎಂದಿದ್ದರು ಅತ್ತೆ. ಮೂತ್ರದ ಪ್ರೋಟೀನು ದಿನಕ್ಕೆ ಸುಮಾರು ಒಂದೂವರೆ ಗ್ರಾಮಿಗೆ ಏರಿತ್ತು. ಈ ಚಿತ್ರಕ್ಕೆ ಎರಡು ಹೆಸರಿಡಬಹುದು. ಗರ್ಭನಂಜು ಎಂದರೆ ಕೊನೆಯ ಮದ್ದು ಹೆರಿಗೆಯೇ. ಲೂಪಸ್ ಕೆರಳಿದೆ ಎಂದರೆ ಸ್ಟಿರಾಯ್ಡ್ ಏರಿಸಿ ಮಗುವನ್ನು ಒಳಗೇ ಬೆಳೆಸಬೇಕು. ಒಂದನ್ನು ಇನ್ನೊಂದೆಂದು ತಿಳಿದರೆ ತಿಂಗಳು ತುಂಬದ ಮಗು ಸುಮ್ಮನೆ ಹೊರಗೆ ಬರುತ್ತದೆ, ಇಲ್ಲವೇ ತಾಯಿಗೆ ಫಿಟ್ಸ್ ಬರುವ ತನಕ ಕಾದಂತಾಗುತ್ತದೆ.

ಈ ಗೊಂದಲ ಬಿಡಿಸಿದ್ದು ಆ ದಪ್ಪ ಫೈಲು. ಬಸುರಿಗೆ ಮೊದಲು, ಮೂರನೇ ತಿಂಗಳಲ್ಲಿ, ಐದರಲ್ಲಿ ಮಾಡಿಸಿದ ಕಾಂಪ್ಲಿಮೆಂಟ್ ಸಿ-3, ಸಿ-4 ಅಂಕಿಗಳು ಅದರಲ್ಲಿದ್ದವು. ಬಸುರಿಯಲ್ಲಿ ಇವು ಸಹಜವಾಗಿ ಏರಬೇಕು. ಲ್ಯಾಬ್ ಚೀಟಿಯಲ್ಲಿ ‘ನಾರ್ಮಲ್’ ಎಂದಿದ್ದರೂ ಏರದೆ ನಿಂತಿದ್ದರೆ ಅನುಮಾನ ಪಡಬೇಕು. ಈಕೆಯ ಸಿ-3 ನೂರಹತ್ತರಿಂದ ಎಪ್ಪತ್ತರ ಕೆಳಗೆ ಬಿದ್ದಿತ್ತು, ಡಿಎನ್‌ಎ ವಿರುದ್ಧದ ಪ್ರತಿಕಾಯ ಏರಿತ್ತು, ಮೂತ್ರದಲ್ಲಿ ಕೆಂಪು ರಕ್ತಕಣಗಳಿದ್ದವು. ನಂಜಿನಲ್ಲಿ ಕೆಡುವ ಯಕೃತ್ತಿನ ಪರೀಕ್ಷೆ, ಯೂರಿಕ್ ಆಮ್ಲ, ಪ್ಲೇಟ್‌ಲೆಟ್ ಮೂರೂ ನೆಟ್ಟಗಿದ್ದವು. ಕೆರಳಿದ್ದು ಲೂಪಸ್. ಆದರೂ ಎರಡೂ ಒಟ್ಟಿಗೆ ಬರಬಲ್ಲವಾದ್ದರಿಂದ ಆಸ್ಪತ್ರೆಯಲ್ಲೇ ಉಳಿಸಿಕೊಂಡು, ದಿನಕ್ಕೆ 5 ಮಿಲಿಗ್ರಾಮ್ ಇದ್ದ ಪ್ರೆಡ್ನಿಸೊಲೋನ್ ಮೂವತ್ತಕ್ಕೆ ಏರಿಸಿದರು, ಬಿ.ಪಿ.ಗೆ ಲ್ಯಾಬೆಟಲಾಲ್ ಕೊಟ್ಟರು. ಸ್ಟಿರಾಯ್ಡಿಗೆ ಸಕ್ಕರೆ ಏರುತ್ತದೆಂದು ಅದನ್ನೂ ನೋಡುತ್ತಿದ್ದರು. ಎರಡು ವಾರಕ್ಕೊಮ್ಮೆ ಮಗುವಿನ ಬೆಳವಣಿಗೆ, ಹೊಕ್ಕುಳಬಳ್ಳಿಯ ರಕ್ತದ ಹರಿವು ಅಳೆದರು. ಮೂವತ್ತಾರನೇ ವಾರದಲ್ಲಿ ಬಿ.ಪಿ. ಮತ್ತೆ ಏರಿದಾಗ ಸಿಸೇರಿಯನ್ ಆಯಿತು. ಮಗು ಎರಡು ಕಿಲೋ ಇನ್ನೂರು ಗ್ರಾಮ್, ಇಸಿಜಿ ಸರಿ.

ತಾಯಿ ಕಾರ್ಡಿನಲ್ಲಿ ಸಿ-3ಕ್ಕೆ ಜಾಗವಿಲ್ಲ, ಇರಬೇಕೆಂದೂ ನಾನು ಹೇಳುತ್ತಿಲ್ಲ. ಆದರೆ ಹೆರಿಗೆ ವೈದ್ಯರು ಕಾರ್ಡು ನೋಡುತ್ತಾರೆ, ಕೀಲುವಾತದವರು ಫೈಲು ನೋಡುತ್ತಾರೆ. ಎರಡನ್ನೂ ಒಂದೇ ಕವರಿನಲ್ಲಿ ಹೊತ್ತು ತಿರುಗಿದವಳು ಈ ಹುಡುಗಿ.

ಹೆರಿಗೆಯ ನಂತರದ ತಿಂಗಳುಗಳಲ್ಲೂ ಲೂಪಸ್ ಕೆರಳಬಹುದು. ಹಾಗಾಗಿ ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ ನಡೆಯುತ್ತಲೇ ಇದೆ. ಮತ್ತೆ ಮೈಕೋಫೆನೊಲೇಟ್ ಶುರು ಮಾಡಲೇ ಎಂದು ವೈದ್ಯರು ಕೇಳಿದ್ದಾರಂತೆ. ಶುರು ಮಾಡಿದರೆ ಎದೆಹಾಲು ಬಿಡಿಸಬೇಕು. ಅಜಾಥಿಯೋಪ್ರಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಜೊತೆ ಹಾಲು ಕೊಡಬಹುದು. ಸದ್ಯಕ್ಕೆ ಹಾಲೇ ಗೆದ್ದಿದೆ. ಕಾಪರ್-ಟಿ ಹಾಕಿಸಿಕೊಂಡಿದ್ದಾಳೆ, ಅದನ್ನು ಅತ್ತೆಗೆ ಹೇಳಿಲ್ಲ.